ಸುಮಾ… ರಾಜೂ… ಏ, ನೀನೇ ಕಣೋ!

ಮಕ್ಕಳೇ, ನನ್ನ ಮಗ ಚಿರಂತನನ್ನು ಅವನ ಅಜ್ಜಿ ಕರೆಯುವುದು ಹೀಗೆ: "ಸುಮಾ… ಅಲ್ಲ, ರಾಜೂ… ಅಯ್ಯೋ, ಏ ನೀನೇ ಕಣೋ, ಬಾ ಇಲ್ಲಿ!" ಸುಮಾ ಅಂದರೆ ನಾನು. ರಾಜು ನನ್ನ ತಮ್ಮ. ಒಂದೊಂದು ಸಲ ನಮ್ಮ ನಾಯಿ ಟಾಮಿಯ ಹೆಸರೂ ನಡುವೆ ನುಗ್ಗುತ್ತದೆ! ಮೊನ್ನೆ ಚಿರಂತ ಮುಖ ಊದಿಸಿಕೊಂಡು ಕೇಳಿದ, "ಅಜ್ಜಿಗೆ ನಾನಂದ್ರೆ ಇಷ್ಟ ಇಲ್ವಾ?"

ಹಾಗಲ್ಲ. ಅಜ್ಜಿ ಹೆಸರು ತಪ್ಪುವುದೂ ನಿಧಾನವಾಗಿ ನಡೆಯುವುದೂ ವಯಸ್ಸಾದದ್ದಕ್ಕೇ. ಮೊದಲು ನಿಧಾನವಾಗಿ ಯಾಕೆ ನಡೆಯುತ್ತಾರೆ ಅಂತ, ಕಾಲಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಹಳೇ ಹವಾಯಿ ಚಪ್ಪಲಿ ತಿರುಗಿಸಿ ನೋಡಿ. ಹಿಮ್ಮಡಿ ಊರುವ ಕಡೆ ಸವೆದಿರುತ್ತದೆ. ಮಂಡಿಯೊಳಗೂ ಮೂಳೆಗೆ ಮೂಳೆ ಉಜ್ಜದ ಹಾಗೆ ಒಂದು ನುಣುಪಾದ ಮೆತ್ತೆ ಇದೆ. ವಯಸ್ಸಾದಂತೆ ಅದು ತೆಳ್ಳಗಾಗುತ್ತದೆ, ಆಗ ನೋವು. ಚಪ್ಪಲಿಯಾದರೆ ಹೊಸದು ತರಬಹುದು. ಅಜ್ಜಿ 72 ವರ್ಷದಿಂದ ಅದೇ ಮಂಡಿಯಲ್ಲಿ ನಡೆಯುತ್ತಿದ್ದಾರೆ. ಬಾವಿಯಿಂದ ನೀರು ಹೊತ್ತಿದ್ದಾರೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಜಾತ್ರೆ ಸುತ್ತಿದ್ದಾರೆ. ಕಾಲಿನ ಶಕ್ತಿಯೂ ಕಡಿಮೆಯಾಗಿದೆ.

ಇನ್ನೊಂದು ಕಾರಣ, ಬೀಳುವ ಭಯ. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ನೋಡಿ. ಓಲಾಡುತ್ತೀರಿ, ಅಲ್ವಾ? ಅಜ್ಜಿಗೆ ಎರಡೂ ಕಾಲ ಮೇಲೆ ನಿಂತಾಗಲೂ ಕೆಲವು ಸಲ ಹಾಗೆ ಆಗುತ್ತದೆ. ಬಿದ್ದರೆ ಅವರ ಮೂಳೆ ಬೇಗ ಮುರಿಯುತ್ತದೆ. ಅದಕ್ಕೇ ನೋಡಿ ನೋಡಿ ಹೆಜ್ಜೆ ಇಡುತ್ತಾರೆ. ನೆಲದ ಮೇಲೆ ಬಿದ್ದ ನಿಮ್ಮ ಕಾರು, ಗೋಲಿ ಎತ್ತಿಟ್ಟರೆ ಅದೇ ದೊಡ್ಡ ಸಹಾಯ.

ಈಗ ಹೆಸರು. 'ಬಡಗಿ' ಅಂದ ಕೂಡಲೇ ಮರ, ಉಳಿ, ಮರದ ಹೊಟ್ಟು ಎಲ್ಲಾ ನೆನಪಾಗುತ್ತದೆ. 'ರಮೇಶ' ಅಂದರೆ? ಏನೂ ಇಲ್ಲ, ಸುಮ್ನೆ ಒಂದು ಹೆಸರು! ಹಿಡಿದುಕೊಳ್ಳಲು ಹಿಡಿಯೇ ಇಲ್ಲದ ಪಾತ್ರೆಯ ಹಾಗೆ. ಅದಕ್ಕೇ ಹೆಸರು ಎಲ್ಲರಿಗೂ ಜಾರುತ್ತದೆ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಹೆಸರು ಕಳೆದುಹೋಗಿರುವುದಿಲ್ಲ. ತುಂಬಿದ ಅಟ್ಟದಲ್ಲಿ ಹುಡುಕಲು ಹೊತ್ತು ಬೇಕು, ಅಷ್ಟೇ.

ಒಂದು ಗುಟ್ಟು ಗಮನಿಸಿದಿರಾ? ಅಜ್ಜಿ ತಪ್ಪಿ ಕರೆದದ್ದು ನನ್ನ ಹೆಸರು, ತಮ್ಮನ ಹೆಸರು, ಟಾಮಿ ಹೆಸರು. ಹಾಲಿನವನ ಹೆಸರು ಬರಲೇ ಇಲ್ಲ. ಮುದ್ದಿನವರ ಹೆಸರುಗಳೆಲ್ಲ ಅಜ್ಜಿ ತಲೆಯಲ್ಲಿ ಒಂದೇ ಡಬ್ಬಿಯಲ್ಲಿವೆ. ಕೈ ಹಾಕಿದರೆ ಪಕ್ಕದ್ದು ಬರುತ್ತದೆ!

ಕೆಲವು ತಾತ, ಅಜ್ಜಿಯರಿಗೆ ಮನೆ ದಾರಿಯೇ ಮರೆಯುತ್ತದೆ. ಈಗಷ್ಟೇ ಊಟ ಮಾಡಿದ್ದೂ ಮರೆಯುತ್ತದೆ. ಅದು ಬರೀ ವಯಸ್ಸಲ್ಲ, ಕಾಯಿಲೆ ಇರಬಹುದು. ಹಾಗೆ ಕಂಡರೆ ಅಪ್ಪ ಅಮ್ಮನಿಗೆ ಹೇಳಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ತಪ್ಪು ಅವರದ್ದೂ ಅಲ್ಲ, ನಿಮ್ಮದೂ ಅಲ್ಲ.

ಚಿರಂತ ಈಗ ಒಳಗೆ ಬರುವಾಗಲೇ "ಅಜ್ಜೀ, ಚಿರಂತ ಬಂದೆ" ಅನ್ನುತ್ತಾನೆ. ನಿನ್ನೆ ಹಾಗೆ ಹೇಳಲು ಮರೆತ. ಅಜ್ಜಿ ಅವನ ಹೆಸರು ಹುಡುಕಿದರು, ಸಿಗಲಿಲ್ಲ. ರಾತ್ರಿ ಎಲ್ಲರೂ ಮಲಗಿ ದೀಪ ಆರಿಸಿದ ಮೇಲೆ ಕೋಣೆಯಿಂದ ಕೂಗು ಕೇಳಿಸಿತು: "ಚಿರಂತಾ!"