ಉದ್ದೇಶ ಪತ್ರ: ಎಂ.ಎ. ಅಭಿವೃದ್ಧಿ ಅಧ್ಯಯನ (ಮಿತಿ: ಖಾಲಿ ಜಾಗ ಸೇರಿ 8,000 ಅಕ್ಷರ)

ಕಾಸರಗೋಡು ಜಿಲ್ಲೆಯ ಸುರಂಗಗಳ ನೀರು ಯಾರಿಗೆ ಸೇರಿದ್ದು, ಅದನ್ನು ಹಂಚಿಕೊಳ್ಳುವ ಕ್ರಮ ಕೆಲವು ಕಡೆ ಉಳಿದು ಕೆಲವು ಕಡೆ ಏಕೆ ಮುರಿಯುತ್ತದೆ ಎಂಬುದನ್ನು ಅಧ್ಯಯನ ಮಾಡಲು ನಾನು ಈ ಕೋರ್ಸಿಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಅಂಕಪಟ್ಟಿ, ಪ್ರಮಾಣಪತ್ರಗಳು ಅರ್ಜಿಯ ಬೇರೆ ಪುಟಗಳಲ್ಲಿವೆ. ‘ಕ್ಷ’ ಒಂದನ್ನೇ ಮೂರಾಗಿ ಎಣಿಸುವ ಈ ಚೌಕದಲ್ಲಿ ಅವನ್ನು ಮತ್ತೆ ತುಂಬುವುದಿಲ್ಲ.

ನಮ್ಮ ಮನೆ ಎಣ್ಮಕಜೆ ಪಂಚಾಯತಿನಲ್ಲಿದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಆದರೂ ಮಾರ್ಚ್ ಬಂತೆಂದರೆ ಗುಡ್ಡದ ಮೇಲಿನ ಮನೆಗಳಲ್ಲಿ ನೀರಿನ ಲೆಕ್ಕಾಚಾರ ಶುರುವಾಗುತ್ತದೆ. ಮುರಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿದ ನೀರು ಅಡಿಯ ಜೇಡಿಯ ಮೇಲೆ ನಿಂತು ಇಳಿಜಾರಿನತ್ತ ಸರಿಯುತ್ತದೆ. ಅದನ್ನು ಹಿಡಿಯಲು ಗುಡ್ಡದ ಬದಿಗೆ ಅಡ್ಡಲಾಗಿ, ಒಬ್ಬಾಳು ನಿಂತು ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ, ಒರತೆ ಸಿಗುವವರೆಗೆ ಕೊರೆದುಕೊಂಡು ಹೋಗುವುದೇ ಸುರಂಗ. ಪಂಪು ಬೇಡ, ಕರೆಂಟು ಬೇಡ; ನೀರು ತಾನಾಗಿ ಹರಿದು ತೊಟ್ಟಿಗೆ ಬೀಳುತ್ತದೆ. ದೂರದಿಂದ ನೋಡಲು ಬರುವವರು ಸುರಂಗದ ಬಾಯಿಯ ಎದುರು ಫೋಟೋ ತೆಗೆದು, ಹಿರಿಯರ ಜಾಣ್ಮೆಯನ್ನು ಹೊಗಳಿ ಹೊರಡುತ್ತಾರೆ. ಆ ಜಾಣ್ಮೆಯ ಬಗ್ಗೆ ನನಗೂ ತಕರಾರಿಲ್ಲ. ನನ್ನ ಕುತೂಹಲ ಇರುವುದು ಕೊರೆದು ಮುಗಿದ ಮೇಲಿನ ಸಂಗತಿಗಳಲ್ಲಿ: ಕುಸಿದ ಮಣ್ಣನ್ನು ಯಾರು ತೆಗೆಯಬೇಕು, ಪಾಲಾದ ತೋಟಕ್ಕೆ ನೀರು ಹೇಗೆ ಪಾಲಾಗುತ್ತದೆ, ಒಬ್ಬರು ಕೊಳವೆಬಾವಿ ಕೊರೆಸಿದ ಮೇಲೆ ಉಳಿದವರು ಏನು ಮಾಡುತ್ತಾರೆ.

ಈ ಪ್ರಶ್ನೆ ನನಗೆ ಕಂಡದ್ದು ಕೆಲಸದ ನಡುವೆ. ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಮನೆಗಳ ಕುಡಿಯುವ ನೀರಿನ ಮೂಲ ದಾಖಲಿಸುವ ಸಮೀಕ್ಷೆಯೊಂದಕ್ಕೆ ಸೇರಿದೆ. ನಮೂನೆಯಲ್ಲಿ ಬಾವಿ, ಕೊಳವೆಬಾವಿ, ಕೆರೆ, ನಳ್ಳಿ ಎಂಬ ಕಾಲಂಗಳಿದ್ದವು. ಸುರಂಗದ ನೀರು ಕುಡಿಯುವ ಮನೆಗಳೆಲ್ಲ ‘ಇತರೆ’ಗೆ ಹೋದವು. ಟ್ಯಾಂಕರ್ ನೀರಿನವರೂ ಅಲ್ಲಿಗೇ. ಬಿಡಿಗಾಸು ಖರ್ಚಿಲ್ಲದೆ ವರ್ಷವಿಡೀ ನೀರು ಪಡೆಯುವವನೂ ಬೇಸಗೆಯಲ್ಲಿ ದುಡ್ಡು ಕೊಟ್ಟು ನೀರು ತರಿಸುವವನೂ ಒಂದೇ ಸಾಲಿನಲ್ಲಿ ಬರುವ ಅಂಕಿಅಂಶದಿಂದ ಯೋಜನೆ ರೂಪಿಸುವವರಿಗೆ ಏನು ತಿಳಿದೀತು? ಅಂದಿನಿಂದ ನಮೂನೆಯ ಜೊತೆಗೆ ನನ್ನದೇ ಒಂದು ನೋಟುಪುಸ್ತಕ ಇಟ್ಟುಕೊಂಡೆ.

ಅದರಲ್ಲಿರುವ ಒಂದು ಪ್ರಕರಣವನ್ನು ಇಲ್ಲಿ ಹೇಳಬೇಕು. ಎರಡು ಮನೆಗಳಿಗೆ ಒಂದೇ ಸುರಂಗ. ಬಾಯಿ ಕೆಳಗಿನ ಮನೆಯವರ ಅಡಿಕೆ ತೋಟದ ತಲೆಯಲ್ಲಿದೆ. ಒಳಗೆ ಕವಲೊಡೆದು, ಮೇಲಿನ ಮನೆಯವರ ಗೇರು ಗುಡ್ಡದ ಅಡಿಯಲ್ಲಿ ಮುಗಿಯುತ್ತದೆ. ತೊಟ್ಟಿಯಿಂದ ಎರಡು ಪೈಪುಗಳು ಹೊರಡುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಒಂದರ ಬಾಯಿಗೆ ಬಟ್ಟೆಯ ಬೂಚು ತುರುಕಿ ಇನ್ನೊಂದನ್ನು ಬಿಡಿಸುವುದು ಅಜ್ಜಂದಿರ ಕಾಲದ ಏರ್ಪಾಡು. ಕಾಗದಪತ್ರ ಏನೂ ಇಲ್ಲ. ಇಪ್ಪತ್ತು ಲೀಟರಿನ ಬಕೆಟ್ ಹಿಡಿದು ಅಳೆದೆ. ಜನವರಿಯಲ್ಲಿ ತುಂಬಲು ನಾಲ್ಕು ನಿಮಿಷ, ಅಂದರೆ ದಿನಕ್ಕೆ 7,200 ಲೀಟರ್. ಏಪ್ರಿಲಿನಲ್ಲಿ ಹನ್ನೊಂದು ನಿಮಿಷ. ದಿನಕ್ಕೆ 2,600ರ ಆಸುಪಾಸು. ಜನವರಿಯಲ್ಲಿ ಬೂಚು ಬದಲಿಸುವುದು ಮರೆತರೂ ಯಾರೂ ಚಕಾರ ಎತ್ತಿರಲಿಲ್ಲ. ಏಪ್ರಿಲಿನಲ್ಲಿ ಅದೇ ಬೂಚಿಗಾಗಿ ಮಾತು ಬೆಳೆಯಿತು. ಮೇಲಿನ ಮನೆಯ ಹಿರಿಯರು ಅಂದದ್ದು ಇಷ್ಟು: “ಸುರಂಗದ ಬಾಯಿ ನಿಮ್ಮದಾದರೆ ಹೊಟ್ಟೆ ನಮ್ಮದು.”

ಆ ಒಂದು ಮಾತು ನನ್ನನ್ನು ಕಾನೂನಿನ ಪುಟಗಳಿಗೆ ಕೊಂಡೊಯ್ದಿತು. ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿನಿಂದಲೂ ಅನ್ವಯವಾಗಿದ್ದ 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯು, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸುವ ಹಕ್ಕನ್ನು ಜಮೀನಿನ ಒಡೆಯನಿಗೆ ಕೊಡುತ್ತದೆ. ಮುರಕಲ್ಲಿನಲ್ಲಿ ಜಿನುಗುವಾಗ ಅದು ಅಂಥ ನೀರೇ. ಸುರಂಗಕ್ಕೆ ಬಿದ್ದು ಹರಿಯತೊಡಗಿದ ಮೇಲೆ? ಮೇಲಿನವರು ತಮ್ಮ ಜಾಗದಲ್ಲಿ ಕೊಳವೆಬಾವಿ ಕೊರೆಸಿ ಸುರಂಗ ಬತ್ತಿದರೆ ಕೆಳಗಿನವರಿಗೆ ಕೇಳುವ ಹಕ್ಕಿದೆಯೇ? ಇದರ ಮೇಲೆ ಕುಮ್ಕಿಯ ತೊಡಕು ಬೇರೆ. ಕೃಷಿಕ ಕಂದಾಯ ಕಟ್ಟುವ ಸ್ವಂತ ಜಮೀನಾದ ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆಗೆ ದಕ್ಷಿಣ ಕನ್ನಡದ ಕೃಷಿಕನಿಗೆ ಸವಲತ್ತು ಇತ್ತು. ಅದೇ ಗುಡ್ಡದ ಹೊಟ್ಟೆಯೊಳಗಿನ ನೀರಿನ ಮಾತೇನು? 1956ರಲ್ಲಿ, ಅಲ್ಲಿಯವರೆಗೆ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1970ರಲ್ಲಿ ಗೇಣಿ ಪದ್ಧತಿ ರದ್ದಾಗಿ ಉಳುವವರು ಒಡೆಯರಾದರು. 2002ರಲ್ಲಿ ಕೇರಳದ ಅಂತರ್ಜಲ ಕಾಯಿದೆ ಬಂತು. ಒಂದೊಂದು ಬದಲಾವಣೆಯೂ ಗುಡ್ಡಕ್ಕೂ ತೋಟಕ್ಕೂ ಇದ್ದ ನಂಟನ್ನು ಏನು ಮಾಡಿತು ಎಂಬುದು ನನ್ನ ಸಂಶೋಧನಾ ಪ್ರಬಂಧದ ವಿಷಯವಾಗಬೇಕೆಂದು ಬಯಸುತ್ತೇನೆ.

ಸಾಮುದಾಯಿಕ ಸಂಪನ್ಮೂಲಗಳ ಬಗ್ಗೆ ಎಲಿನರ್ ಆಸ್ಟ್ರಂ ಅವರ ವಿಚಾರಗಳನ್ನು ಪದವಿಯಲ್ಲಿ ಓದಿದ್ದೇನೆ. ಜನರೇ ಕಟ್ಟಿಕೊಂಡ ನಿಯಮಗಳು ಬಾಳುವುದಕ್ಕೆ ಅವರು ಹೇಳುವ ಎಂಟು ತತ್ತ್ವಗಳಲ್ಲಿ ಮೊದಲನೆಯದು ಗಡಿ ಸ್ಪಷ್ಟವಾಗಿರಬೇಕು ಎಂಬುದು. ಸುರಂಗದಲ್ಲಿ ಮೇಲಿನ ಗಡಿ ಒಂದು, ಒಳಗಿನದು ಇನ್ನೊಂದು. ಆದರೂ ಬೂಚಿನ ಏರ್ಪಾಡು ಎರಡು ತಲೆಮಾರು ಬಾಳಿದೆ. ಇಲ್ಲಿ ಆ ತತ್ತ್ವ ಸೋಲುತ್ತದೆ ಎಂದು ಹೇಳುವ ಧೈರ್ಯ ನನಗಿನ್ನೂ ಇಲ್ಲ. ಪರೀಕ್ಷಿಸಿ ನೋಡುವ ವಿಧಾನವನ್ನು ಕಲಿಯಬೇಕಾಗಿದೆ.

ನಿಮ್ಮ ಪಠ್ಯಕ್ರಮದಲ್ಲಿ ನನ್ನನ್ನು ಸೆಳೆದದ್ದು ‘ನೀರು ಮತ್ತು ಕಾನೂನು’ ಪತ್ರಿಕೆ ಹಾಗೂ ಮೂರನೆಯ ಸೆಮಿಸ್ಟರಿನ ಕ್ಷೇತ್ರಕಾರ್ಯ. ಸಂಖ್ಯಾಶಾಸ್ತ್ರದಲ್ಲಿ ನನಗೆ ಇರುವುದು ಪದವಿಮಟ್ಟದ ತಳಹದಿ ಮಾತ್ರ. ನಕ್ಷೆ ತಯಾರಿಕೆಯನ್ನು ಮೊದಲಿನಿಂದ ಕಲಿಯಬೇಕು. ನನ್ನ ಬಳಿ ಈಗಾಗಲೇ ಇರುವುದು ಭಾಷೆ. ಸುರಂಗ ಕೊರೆಯುವವರು ಬಾಯಿ ಬಿಡುವುದು ತುಳುವಿನಲ್ಲಿ, ಹಳೆಯ ಜಮೀನು ಪತ್ರಗಳು ಇರುವುದು ಕನ್ನಡದಲ್ಲಿ, ಇಂದಿನ ಪಂಚಾಯತು ಕಡತಗಳು ಮಲಯಾಳದಲ್ಲಿ. ಮೂರನ್ನೂ ನಾನು ದುಭಾಷಿಯಿಲ್ಲದೆ ಓದಬಲ್ಲೆ, ಮಾತಾಡಬಲ್ಲೆ. ಗಡಿಯಲ್ಲಿ ಬೆಳೆದವರಿಗೆ ಇದೊಂದು ಹೆಚ್ಚುಗಾರಿಕೆಯಲ್ಲ, ಆದರೆ ಈ ಅಧ್ಯಯನಕ್ಕೆ ಇದಿಲ್ಲದೆ ಆಗದು.

ಕೋರ್ಸು ಮುಗಿದ ಬಳಿಕ ಜಿಲ್ಲೆಗೆ ಮರಳಿ ಪಂಚಾಯತುಗಳ ನೀರಿನ ಯೋಜನೆಗಳಲ್ಲಿ ಕೆಲಸ ಮಾಡುವ ಉದ್ದೇಶವಿದೆ. ಎಲ್ಲ ಸುರಂಗಗಳನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಕೆಲವು ಕುಸಿದಿವೆ, ಕೆಲವಕ್ಕೆ ಇಳಿಯುವುದೇ ಅಪಾಯ, ಕೊರೆಯಬಲ್ಲವರೂ ವಯಸ್ಸಾಗಿ ಮನೆಯಲ್ಲಿ ಕುಳಿತಿದ್ದಾರೆ. ನೀರು ಬರುತ್ತಿರುವವುಗಳಿಗಾದರೂ ನಮೂನೆಯಲ್ಲಿ ಒಂದು ಕಾಲಂ, ಹಂಚಿಕೆಯ ಏರ್ಪಾಡಿಗೆ ಪಂಚಾಯತಿನಲ್ಲಿ ಒಂದು ದಾಖಲೆ ಆಗಬೇಕು.

ಒಂದು ವಿನಂತಿ. ನಿಮ್ಮ ಕ್ಷೇತ್ರಕಾರ್ಯದ ಅವಧಿ ಆಗಸ್ಟಿನಿಂದ ಅಕ್ಟೋಬರ್ ಎಂದು ಪಠ್ಯಕ್ರಮದಲ್ಲಿದೆ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಎಲ್ಲ ತೊಟ್ಟಿಗಳೂ ತುಂಬಿ ಹರಿಯುತ್ತವೆ. ಹಂಚಿಕೆಯ ಪ್ರಶ್ನೆಯೇ ಏಳುವುದಿಲ್ಲ. ಪ್ರವೇಶ ದೊರೆತರೆ ನನ್ನ ಅವಧಿಯನ್ನು ಫೆಬ್ರವರಿಯಿಂದ ಏಪ್ರಿಲಿಗೆ ಬದಲಿಸಿಕೊಡಲು ಸಾಧ್ಯವೇ ಎಂದು ಸಂದರ್ಶನದ ಸಮಯದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.