ನಲುವತ್ತೆಂಟು ಕೋಲು

ಕನ್ನಡ ಕಥಾಚಿತ್ರ. ಅವಧಿ: 105 ನಿಮಿಷ. ಕಥೆ ನಡೆಯುವ ಸ್ಥಳ: ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಗುಡ್ಡ.

ಲಾಗ್‌ಲೈನ್

ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆಯುವ ಸುರಂಗದೊಳಗೆ ಉಸಿರುಕಟ್ಟಿ ಸತ್ತ ಮಗನ ನೆನಪಿಗೆ ಹೆದರಿ 11 ವರ್ಷ ಪಿಕ್ಕಾಸು ಮುಟ್ಟದ ಮುದಿ ಸುರಂಗಗಾರನು, ಮಾರಾಟಕ್ಕೆ ನಿಂತ ಅಡಿಕೆ ತೋಟವನ್ನು ಉಳಿಸಿಕೊಳ್ಳಲು ಮೇ ಕೊನೆಗೆ ಬರುವ ಪತ್ತನಾಜೆಯ ದಿನದೊಳಗೆ ಅದೇ ಸುರಂಗದಲ್ಲಿ ನೀರು ಕಾಣಬೇಕಾಗಿದೆ. ಆದರೆ ಮಣ್ಣು ಹೊರಲು ಅವನಿಗೆ ಉಳಿದಿರುವವಳು ಆ ಸುರಂಗವನ್ನು ಮುಚ್ಚಿಸಬೇಕೆಂದಿರುವ ಮಗಳೊಬ್ಬಳೇ.

ಕಥಾಸಾರ

ವಿಷು ಕಳೆದ ಮರುದಿನ ಐತಪ್ಪನ (64) ಹಳೆಯ ಸುರಂಗ ಬತ್ತುತ್ತದೆ. ಕನ್ನಡ ಶಾಲೆಯಲ್ಲಿ ದಿನಗೂಲಿ ಟೀಚರಾಗಿರುವ ಮಗಳು ಸುಮತಿ (34) ತೋಟ ಮಾರಲು ಮುಂಗಡ ಪಡೆದಿದ್ದಾಳೆ. ಪತ್ತನಾಜೆಯೊಳಗೆ ನೀರು ಕಂಡರೆ ಮುಂಗಡ ಹಿಂದಿರುಗಿಸುವುದು, ಇಲ್ಲದಿದ್ದರೆ ರಿಜಿಸ್ಟ್ರಿಗೆ ಸಹಿ ಹಾಕುವುದು ಎಂದು ಅಪ್ಪ–ಮಗಳು ಒಪ್ಪಿಕೊಳ್ಳುತ್ತಾರೆ.

ಹೊಸದಾಗಿ ಕೊರೆಯಲು ಸಮಯವಿಲ್ಲ. ಮಗ ಸತ್ತ ಆ ಇನ್ನೊಂದು ಸುರಂಗ 30 ಕೋಲಿಗೆ ನಿಂತಿದೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಂದು ಗಾಳಿ ಸಾಲದೆ ದೀಪ ಸಣ್ಣಗಾದದ್ದನ್ನು ಕಂಡೂ "ಇನ್ನೊಂದು ಬುಟ್ಟಿ ತೆಗೆ" ಎಂದವನು ಐತಪ್ಪನೇ. ಈ ಮಾತನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಚಿತ್ರದ ಭಾರವೆಲ್ಲ ಈ ಮೌನದ ಮೇಲೆ ನಿಂತಿದೆಯೇ ಹೊರತು ನೀರಿನ ಮೇಲಲ್ಲ.

ಕೂಲಿಗೆ ಬಂದ ಹುಡುಗರು ಮೂರನೆಯ ದಿನ ಬಿಟ್ಟುಹೋಗುತ್ತಾರೆ. ಅಪ್ಪ ಒಬ್ಬನೇ ಒಳಗೆ ಸಾಯಬಾರದೆಂಬ ಒಂದೇ ಕಾರಣಕ್ಕೆ ಸುಮತಿ ಬಾಯಿಯ ಬಳಿ ನಿಂತು ಬುಟ್ಟಿ ಎಳೆಯತೊಡಗುತ್ತಾಳೆ. ಮುರಕಲ್ಲು ಮುಗಿದು ತಣ್ಣನೆಯ ಜೇಡಿಮಣ್ಣು ಬರುತ್ತದೆ. ಐತಪ್ಪ ಅದನ್ನು ಮುಷ್ಟಿಯಲ್ಲಿ ಹಿಂಡಿ, ಅಂಗೈಯ ಗೆರೆಯಲ್ಲಿ ನಿಂತ ತೇವವನ್ನು ಮಗಳಿಗೆ ತೋರಿಸುತ್ತಾನೆ. ಅತ್ತ ನೆರೆಮನೆಯ ಅಂದುಂಞಿ ತನ್ನ ಹೊಸ ಬೋರ್‌ವೆಲ್‌ನಿಂದ ಪೈಪು ಎಳೆದುಕೊಡಲು ಮುಂದಾದರೂ ಐತಪ್ಪ ಒಪ್ಪುವುದಿಲ್ಲ. ಅಂದುಂಞಿ ಖಳನಲ್ಲ, ಅವನ ಬಾವಿಯೂ ಬತ್ತಿದೆ.

42ನೆಯ ಕೋಲಿನಲ್ಲಿ ದೀಪ ಆರುತ್ತದೆ. ಸುಮತಿ ಮೊದಲ ಬಾರಿಗೆ ಒಳಗೆ ನುಗ್ಗಿ ಅಪ್ಪನನ್ನು ಎಳೆದು ತರುತ್ತಾಳೆ. ಪ್ರಜ್ಞೆ ಬಂದ ಐತಪ್ಪ ಅಂದಿನ ಸತ್ಯವನ್ನು ಹೇಳಿಬಿಡುತ್ತಾನೆ. ಅವಳು ಮನೆ ಬಿಡುತ್ತಾಳೆ. ಗಾಳಿಗಾಗಿ ಮೇಲಿನಿಂದ ಬಾವಿಯಂತೆ ತೂತು ತೋಡದೆ ಮುಂದೆ ಹೋಗುವಂತಿಲ್ಲ, ಅದಕ್ಕೆ ಆರು ದಿನ ಬೇಕು, ಉಳಿದಿರುವುದು ಒಂಬತ್ತು.

ನಾಲ್ಕನೆಯ ದಿನ ಸುಮತಿ ಹಿಂದಿರುಗಿ, ಮಾತಿಲ್ಲದೆ ಹಾರೆ ಹಿಡಿದು ಗುಡ್ಡದ ಮೇಲೆ ಅಗೆಯುತ್ತಾಳೆ. ಅಂದುಂಞಿಯೂ ಜತೆ ಸೇರುತ್ತಾನೆ. ಪತ್ತನಾಜೆಯ ಮುಂಜಾನೆ, 48ನೆಯ ಕೋಲಿನಲ್ಲಿ ನೀರು ಒಸರುತ್ತದೆ. ಅದು ಕುಡಿಯಲು ಸಾಕು, ತೋಟಕ್ಕೆ ಸಾಲದು. ತೋಟದ ಅರ್ಧಭಾಗ ಮಾರಾಟವಾಗುತ್ತದೆ, ಉಳಿದ ಅರ್ಧದಲ್ಲಿ ಐತಪ್ಪ ಒಣಗಿದ ಅಡಿಕೆ ಕಂಗು ಕಡಿದು ಗೇರು ನೆಡುತ್ತಾನೆ. ಸುಮತಿ ಸುರಂಗದ ಬಾಯಿಗೆ ನೀರು ಹರಿಸುವ ಬಿದಿರಿನ ದಂಬೆ ಇಟ್ಟು, ಮೊದಲ ಕೊಡವನ್ನು ಅಂದುಂಞಿಯ ಮನೆಗೆ ಒಯ್ಯುತ್ತಾಳೆ.