ಒಂಬತ್ತರ ಲೆಕ್ಕ

ಕಾಫಿ ಮಂಡಿಯ ಯಜಮಾನರದ್ದು ಒಂದೇ ಶರತ್ತು. ಅರ್ಜಿ ಕೈಬರಹದಲ್ಲೇ ಇರಬೇಕು, ಲೆಕ್ಕ ಬರೆಯೋರ ಅಕ್ಷರ ನೋಡಬೇಕು. ಕೊಯ್ಲಿನ ಮೂರು ತಿಂಗಳು, ಸಂಜೆ ನಾಲ್ಕರಿಂದ ಏಳು. ಚೆರಿ, ಪಾರ್ಚ್‌ಮೆಂಟ್ ಚೀಲಗಳ ಲೆಕ್ಕ, ಅಷ್ಟೇ.

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದೇನು ಮಹಾ ಅಂದುಕೊಂಡೆ. ಡ್ರಾಯರಿನಲ್ಲಿ ಸಿಕ್ಕ ಪೆನ್ನಿನ ಇಂಕು ಒಣಗಿತ್ತು. ನಾನು ಕಾಗದ ಅಂತ ಬರೆದು ಇಪ್ಪತ್ತೈದು ವರ್ಷವಾಗಿರಬೇಕು. ತಂಗಿಗೆ ಬರೆದ ಇನ್‌ಲ್ಯಾಂಡ್ ಲೆಟರೇ ಕೊನೆಯದು. ಆಮೇಲೆ ಅವಳ ಮನೆಗೂ ಫೋನ್ ಬಂತು.

ಪಿಯುಸಿ ಓದುವ ಮೊಮ್ಮಗಳು ಪೆನ್ನು ಕೊಟ್ಟು ಪಕ್ಕದಲ್ಲೇ ಕೂತಳು. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡಿದೆ.

"ಅಜ್ಜ, ಸಾಲದ ನೋಟಿಸ್ ಥರ ಇದೆ. ಬ್ಯಾಂಕಲ್ಲಿ ನೀವು ನಿಜವಾಗ್ಲೂ ಏನ್ ಮಾಡ್ತಿದ್ರಿ?"

ಕಂಪ್ಯೂಟರ್ ಬರುವ ಮೊದಲಿನ ಒಂದು ಸಂಜೆ ಹೇಳಿದೆ. ಡೇ ಬುಕ್ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಅವತ್ತು 27 ರೂಪಾಯಿ ವ್ಯತ್ಯಾಸ. ಕಡೇ ಬಸ್ಸೂ ಹೋಗಿತ್ತು. 27 ಒಂಬತ್ತರಿಂದ ಭಾಗ ಹೋಗುತ್ತೆ, ಅಂದರೆ ಮೊದಲ ಅನುಮಾನ ಅಂಕಿ ಅದಲು ಬದಲಾಗಿದೆ ಅಂತ. ವೋಚರ್ ಒಂದೊಂದೇ ತಿರುವಿದೆ. 152 ಅನ್ನು 125 ಎಂದು ಬರೆದವನು ಸಿಕ್ಕೇಬಿಟ್ಟ. ನಾನೇ!

ಅವಳು ಮೊಬೈಲಿನಲ್ಲಿ 83ರಿಂದ 38 ಕಳೆದಳು. 45. ಇನ್ನೂ ನಾಲ್ಕು ಜೋಡಿ ಹಾಕಿ ನೋಡಿದಳು. ಅಜ್ಜನ ಮಾತನ್ನು ಸುಮ್ನೆ ನಂಬುವ ಕಾಲವಲ್ಲ ಇದು.

"ಇದನ್ನೇ ಬರೀರಿ" ಅಂದಳು. ಮೂರು ಹಾಳೆ ಹರಿದ ಮೇಲೆ ಇಷ್ಟಾಯಿತು:

'ಮಾನ್ಯರೇ,
ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಈಗ ವಯಸ್ಸು 67. ಕಂಪ್ಯೂಟರಿನಲ್ಲಿ ನಿಧಾನ, ಲೆಡ್ಜರಿನಲ್ಲಿ ಅಲ್ಲ. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಸಿಗುವವರೆಗೆ ಏಳುವುದಿಲ್ಲ. ತಪ್ಪು ನನ್ನದೇ ಆಗಿದ್ದರೂ ಹೇಳುತ್ತೇನೆ. ಮನೆ ಕೋಟೆಯಲ್ಲಿ, ನಡೆದೇ ಬರುತ್ತೇನೆ. ಸಂಬಳ ಎಷ್ಟೆಂದು ಮೊದಲೇ ತಿಳಿಸಿದರೆ ಒಳ್ಳೆಯದು.
ತಮ್ಮ ವಿಶ್ವಾಸಿ'

ಸಂಬಳದ ಸಾಲು ಅವಳದು. ನನಗೆ ನಾಚಿಕೆಯಾಗಿತ್ತು. "ಬಡ್ಡಿ ಕೇಳೋಕೆ ನಾಚಿಕೆ ಆಗ್ತಿತ್ತಾ?" ಅಂದಳು. ಬರೆದೆ.

ಮಂಡಿ ಇರುವುದು ಎಂ.ಜಿ. ರಸ್ತೆಯಲ್ಲಿ, ಕೈಗೇ ಕೊಟ್ಟು ಬರಬಹುದಿತ್ತು. ಆದರೂ ಅಂಚೆಯಲ್ಲೇ ಹೋಗಲಿ ಅನ್ನಿಸಿತು. ಕವರಿನ ಮೇಲೆ ದುಂಡಗೆ ವಿಳಾಸ ಬರೆದು, ಚಿಕ್ಕಮಗಳೂರು 577110 ಅಂತ ಮುಗಿಸಿ, ಹೆಮ್ಮೆಯಿಂದ ಅವಳ ಮುಂದೆ ಹಿಡಿದೆ.

ಅವಳು ನೋಡಿದಳು. ಮೊಬೈಲ್ ಒತ್ತಿದಳು.

"ನಮ್ಮದು 577101 ಅಲ್ವಾ ಅಜ್ಜ? ವ್ಯತ್ಯಾಸ ಒಂಬತ್ತು."

ಇನ್ನೊಂದು ಕವರ್ ತರಲು ಎದ್ದೆ.